ಕ್ಯಾನಿ ಎಡ್ಜ್ ಡಿಟೆಕ್ಟರ್: ವಾಷರ್ ತಪಾಸಣೆಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಸ್ಟೀಲ್ ವಾಷರ್‌ಗಳನ್ನು ಕ್ಯಾಮೆರಾದಲ್ಲಿ ತಪಾಸಣೆ ಮಾಡುವ ಕೆಲಸ ನನ್ನದು. ಅಂಚು ಹುಡುಕಲು ಹಲವು ವರ್ಷಗಳಿಂದ ಓಪನ್‌ಸಿವಿ ಎಂಬ ಇಮೇಜ್ ಲೈಬ್ರರಿಯ `cv2.Canny` ಬಳಸುತ್ತಿದ್ದೇನೆ. ಜಾನ್ ಕ್ಯಾನಿ 1986ರಲ್ಲಿ ಪ್ರಕಟಿಸಿದ ವಿಧಾನ ಇದು. ಇವತ್ತಿಗೂ ನಾನು ಇದನ್ನು ಬಿಟ್ಟಿಲ್ಲ. ಎರಡು ಥ್ರೆಶೋಲ್ಡ್‌ಗಳನ್ನು ಅಂದಾಜಿನಲ್ಲಿ ಇಡದೆ, ನಿಮ್ಮ ಕ್ಯಾಮೆರಾವನ್ನು ಅಳೆದು ಇಟ್ಟರೆ ಇದು ದಿನವೂ ಒಂದೇ ಥರ ಕೆಲಸ ಮಾಡುತ್ತದೆ. ಎಲ್ಲಿಂದಲೋ 100, 200 ಅಂತ ನಕಲು ಮಾಡಿ ಹಾಕಿದರೆ ಹಾಗಾಗುವುದಿಲ್ಲ. ಅದಕ್ಕೇ ಈ ವಿಮರ್ಶೆಯಲ್ಲಿ ಆ ಅಳತೆಯ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ವಿಧಾನದಲ್ಲಿ ನಾಲ್ಕು ಹಂತಗಳಿವೆ. ಮೊದಲು ಚಿತ್ರವನ್ನು ಬ್ಲರ್ ಮಾಡಬೇಕು. ಆಮೇಲೆ ಪ್ರತಿ ಪಿಕ್ಸೆಲ್‌ನಲ್ಲಿ ಬೆಳಕು ಯಾವ ದಿಕ್ಕಿಗೆ, ಎಷ್ಟು ಜೋರಾಗಿ ಬದಲಾಗುತ್ತಿದೆ ಅಂತ ನೋಡಬೇಕು. ಇದೇ ಗ್ರೇಡಿಯಂಟ್. ಆ ದಿಕ್ಕಿನ ಎರಡು ಪಕ್ಕದ ಪಿಕ್ಸೆಲ್‌ಗಳಿಗಿಂತ ದೊಡ್ಡದಲ್ಲದ್ದನ್ನು ಅಳಿಸಿದರೆ ದಪ್ಪ ಪಟ್ಟಿ ಒಂದು ಪಿಕ್ಸೆಲ್ ಗೆರೆಯಾಗುತ್ತದೆ. ಕೊನೆಗೆ ಎರಡು ಥ್ರೆಶೋಲ್ಡ್ ಹಾಕಿ ಗೆರೆಗಳನ್ನು ಜೋಡಿಸಬೇಕು.

ಇದರಲ್ಲಿ ಮೊದಲ ಹಂತವನ್ನು ಓಪನ್‌ಸಿವಿಯ ಫಂಕ್ಷನ್ ಮಾಡುವುದೇ ಇಲ್ಲ. ಅದರ ಟ್ಯುಟೋರಿಯಲ್‌ನಲ್ಲಿ 5×5 ಗಾಸಿಯನ್ ಫಿಲ್ಟರ್ ಬಗ್ಗೆ ಬರೆದಿದ್ದಾರೆ. ಆದರೆ `cv2.Canny` ಕರೆದಾಗ ಅದು ನೇರವಾಗಿ ಗ್ರೇಡಿಯಂಟ್ ಲೆಕ್ಕ ಹಾಕುವ ಸೋಬೆಲ್ ಫಿಲ್ಟರ್‌ನಿಂದ ಶುರು ಮಾಡುತ್ತದೆ. ಬ್ಲರ್ ನೀವೇ ಹಾಕಬೇಕು:

```python
g = cv2.GaussianBlur(img, (5, 5), 0)
e = cv2.Canny(g, 30, 60, L2gradient=True)
```

ಈ ಒಂದು ಸಾಲಿನ ಬ್ಲರ್‌ನಿಂದ ಎಷ್ಟು ಲಾಭ ಅಂತ ನಮ್ಮ ವಾಷರ್ ಚಿತ್ರದಲ್ಲೇ ನೋಡೋಣ. ಹಿನ್ನೆಲೆಯ ಬೂದು ಮಟ್ಟ 90, ವಾಷರ್ 130. ಅಂದರೆ ಅಂಚಿನಲ್ಲಿ 40ರ ಜಿಗಿತ. 3×3 ಸೋಬೆಲ್ ನೇರ ಅಂಚಿನ ಮೇಲೆ ಜಿಗಿತದ 4 ಪಟ್ಟು ಕೊಡುತ್ತದೆ, ಅಂದರೆ 160. ಮೇಲಿನ ಬ್ಲರ್ ಹಾಕಿದರೆ ಅದು 2.5 ಪಟ್ಟಿಗೆ ಇಳಿದು 100 ಆಗುತ್ತದೆ. ಅಂಚು ದುರ್ಬಲವಾಯಿತು ಅಲ್ವಾ? ಹೌದು, ಆದರೆ ನಾಯ್ಸ್ ಇನ್ನೂ ಜಾಸ್ತಿ ಇಳಿಯುತ್ತದೆ. ನಮ್ಮ ಕ್ಯಾಮೆರಾದ ನಾಯ್ಸ್ ಸುಮಾರು 8 ಮಟ್ಟ. ಬ್ಲರ್ ಇಲ್ಲದೆ ಸೋಬೆಲ್ ಅದನ್ನು ಸುಮಾರು 28 ಮಾಡುತ್ತದೆ. ಬ್ಲರ್ ಆದ ಮೇಲೆ ಅದು 9ಕ್ಕಿಂತ ಕಡಿಮೆ. ಅಂಚು ಎಂಟರಲ್ಲಿ ಐದು ಭಾಗ ಉಳಿಯಿತು, ನಾಯ್ಸ್ ಮೂರನೇ ಒಂದು ಭಾಗಕ್ಕೂ ಕಡಿಮೆ ಆಯಿತು. ನಾಯ್ಸ್‌ಗೆ ಹೋಲಿಸಿದರೆ ಅಂಚು ಮೊದಲಿಗಿಂತ ಎರಡು ಪಟ್ಟು ಎದ್ದು ಕಾಣುತ್ತದೆ.

ಈ 8 ಎಲ್ಲಿಂದ ಬಂತು ಅಂತ ಕೇಳಬಹುದು. ಏನನ್ನೂ ಅಲುಗಾಡಿಸದೆ ಒಂದೇ ದೃಶ್ಯದ ಎರಡು ಫೋಟೋ ತೆಗೆಯಿರಿ. ಒಂದರಿಂದ ಇನ್ನೊಂದನ್ನು ಕಳೆಯಿರಿ. ಮೈನಸ್ ಬೆಲೆಗಳು ಕತ್ತರಿಸಿ ಹೋಗದ ಹಾಗೆ ಮೊದಲು `float`ಗೆ ಬದಲಿಸಿಕೊಳ್ಳಿ. ಆ ವ್ಯತ್ಯಾಸದ ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನು 1.41ರಿಂದ ಭಾಗಿಸಿದರೆ ಒಂದು ಫೋಟೋದ ನಾಯ್ಸ್ ಸಿಗುತ್ತದೆ. ಎರಡು ನಿಮಿಷದ ಕೆಲಸ. ಕ್ಯಾಮೆರಾದ ಗೇನ್ ಅಥವಾ ಲೈಟ್ ಬದಲಾದಾಗೆಲ್ಲ ಇದನ್ನು ಮತ್ತೆ ಮಾಡಬೇಕು.

ಈಗ ಥ್ರೆಶೋಲ್ಡ್‌ಗೆ ಬರೋಣ. ಬ್ಲರ್ ಆದ ಚಿತ್ರದಲ್ಲಿ ಮೇಲಿನದು 60 ಇಟ್ಟಿದ್ದೇನೆ. ನಾಯ್ಸ್ ಒಂದರಿಂದಲೇ ಒಂದು ಪಿಕ್ಸೆಲ್ 60 ದಾಟುವ ಸಾಧ್ಯತೆ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಆದ್ದರಿಂದ 60 ದಾಟಿದ್ದು ನಿಜವಾದ ಅಂಚೇ. ಕೆಳಗಿನದು 30. ಇದನ್ನು ನಾಯ್ಸ್ ದಾಟುತ್ತದೆ. 640×480 ಚಿತ್ರದಲ್ಲಿ ಸುಮಾರು 800 ಪಿಕ್ಸೆಲ್ ಬರೀ ನಾಯ್ಸ್‌ನಿಂದ 30 ದಾಟುತ್ತವೆ ಅಂತ ಲೆಕ್ಕ ಹೇಳುತ್ತದೆ. ಆದರೂ ಚಿತ್ರದಲ್ಲಿ ಚುಕ್ಕೆಗಳು ಕಾಣುವುದಿಲ್ಲ. 30ರಿಂದ 60ರ ನಡುವಿನ ಪಿಕ್ಸೆಲ್ ಉಳಿಯಬೇಕಾದರೆ ಪಕ್ಕದ ಎಂಟು ಪಿಕ್ಸೆಲ್‌ಗಳ ಮೂಲಕ, ಸರಪಳಿಯಾಗಿಯಾದರೂ, 60 ದಾಟಿದ ಒಂದು ಬಲವಾದ ಪಿಕ್ಸೆಲ್‌ಗೆ ತಲುಪಬೇಕು. ಒಂಟಿ ನಾಯ್ಸ್‌ಗೆ ಆ ಆಸರೆ ಇಲ್ಲ, ಅಳಿಸಿ ಹೋಗುತ್ತದೆ. ಇದೇ ಹಿಸ್ಟರಿಸಿಸ್. ನನಗೆ ಈ ವಿಧಾನದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ವಾಷರ್‌ನ ಅಂಚು ಸವೆದ ಕಡೆ ಜಿಗಿತ 40ರಿಂದ 16ಕ್ಕೆ ಇಳಿದಿದೆ ಅಂದುಕೊಳ್ಳಿ. ಅಲ್ಲಿ ಗ್ರೇಡಿಯಂಟ್ 40. ಒಂದೇ ಥ್ರೆಶೋಲ್ಡ್ 60 ಇದ್ದರೆ ಅಲ್ಲಿ ಗೆರೆ ತುಂಡಾಗುತ್ತಿತ್ತು. ಇಲ್ಲಿ ಎರಡೂ ಬದಿಯ ಬಲವಾದ ಅಂಚು ಅದನ್ನು ಹಿಡಿದುಕೊಳ್ಳುತ್ತದೆ. ಜಿಗಿತ 10ಕ್ಕೆ ಇಳಿದರೆ ಗ್ರೇಡಿಯಂಟ್ 25 ಆಗಿ ಗೆರೆ ತುಂಡಾಗುತ್ತದೆ. ಆಗ ಸುಮ್ನೆ ಕೆಳಗಿನ ಥ್ರೆಶೋಲ್ಡ್ ಅನ್ನು 15ಕ್ಕೆ ಇಳಿಸಬೇಡಿ. ಅಲ್ಲಿಗೆ ಹೋದರೆ ನಾಯ್ಸ್ ಪಿಕ್ಸೆಲ್‌ಗಳು ಎಷ್ಟು ಒತ್ತಾಗುತ್ತವೆ ಅಂದರೆ ಅವೇ ಒಂದಕ್ಕೊಂದು ಸೇರಿ ಅಂಚಿಗೆ ಅಂಟಿಕೊಳ್ಳುತ್ತವೆ. ಗೆರೆಯಿಂದ ಸಣ್ಣ ಮೀಸೆಗಳು ಹೊರಟರೆ ಕೆಳಗಿನದು ತೀರಾ ಕೆಳಗಿದೆ ಅಂತ ಅರ್ಥ. ಲೈಟ್ ಸರಿ ಮಾಡುವುದೇ ಪರಿಹಾರ.

ಜೋಡಣೆಗೆ ಒಂದು ದೌರ್ಬಲ್ಯ ಇದೆ. ಅದು ಆಕಾರ ನೋಡುವುದಿಲ್ಲ, ತಾಗಿದೆಯೇ ಅಂತ ಮಾತ್ರ ನೋಡುತ್ತದೆ. ವಾಷರ್ ಪಕ್ಕದ ಎಣ್ಣೆ ಕಲೆ ಅಂಚಿಗೆ ತಾಗಿದರೆ, ಕಲೆಯ ಇಡೀ ಗೆರೆ ಒಳಗೆ ಬರುತ್ತದೆ. ಅದಕ್ಕೇ ನಾನು ಗೆರೆಯ ಮೇಲೆ ವೃತ್ತ ಕೂರಿಸಿ, ದೂರ ಇರುವ ಬಿಂದುಗಳನ್ನು ಬಿಟ್ಟು ಮತ್ತೆ ಕೂರಿಸುತ್ತೇನೆ.

`L2gradient=True` ಮರೆಯಬೇಡಿ. ಡೀಫಾಲ್ಟ್‌ನಲ್ಲಿ ಫಂಕ್ಷನ್ ಅಡ್ಡ ಮತ್ತು ಉದ್ದದ ಗ್ರೇಡಿಯಂಟ್‌ಗಳನ್ನು ಹಾಗೇ ಕೂಡುತ್ತದೆ. ಇದರಿಂದ 45 ಡಿಗ್ರಿ ಓರೆಯ ಅಂಚು ನೇರ ಅಂಚಿಗಿಂತ ಸುಮಾರು 1.4 ಪಟ್ಟು ಬಲವಾಗಿ ಕಾಣುತ್ತದೆ. ಗುಂಡಗಿನ ವಸ್ತುವಿನಲ್ಲಿ ಇದರ ಗುರುತು ಸ್ಪಷ್ಟ: ಗೆರೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತುಂಡಾಗಿ, ಓರೆ ಭಾಗಗಳಲ್ಲಿ ಪೂರ್ತಿ ಇರುತ್ತದೆ. ಹಾಗೆ ಕಂಡರೆ ತಪ್ಪು ಲೈಟಿನದ್ದಲ್ಲ. ಸೋಬೆಲ್‌ನ ಗಾತ್ರ ಹೇಳುವ `apertureSize` ಅನ್ನು 5 ಮಾಡುವವರೂ ಎಚ್ಚರ. ಆಗ ಸೋಬೆಲ್ ಜಿಗಿತದ 48 ಪಟ್ಟು ಕೊಡುತ್ತದೆ, ಹಳೆಯ ಥ್ರೆಶೋಲ್ಡ್‌ಗೆ ಇಡೀ ಚಿತ್ರದಲ್ಲಿ ಬಿಳಿ ಗೆರೆಗಳು ತುಂಬಿಕೊಳ್ಳುತ್ತವೆ. ಸೈಕಿಟ್-ಇಮೇಜ್ ಎಂಬ ಇನ್ನೊಂದು ಲೈಬ್ರರಿಯ `canny`ಗೂ ಈ ಅಂಕಿಗಳು ಒಗ್ಗುವುದಿಲ್ಲ. ಅದರಲ್ಲಿ ಬ್ಲರ್ ಒಳಗೇ ಇದೆ, `sigma` ಡೀಫಾಲ್ಟ್ 1.0, ಥ್ರೆಶೋಲ್ಡ್‌ನ ಅಳತೆಯೂ ಬೇರೆ.

ನಿಖರ ಅಳತೆಗೆ ಇದೊಂದೇ ಸಾಲದು. ಉತ್ತರ ಪೂರ್ಣ ಪಿಕ್ಸೆಲ್‌ನಲ್ಲೇ ಬರುತ್ತದೆ. ಎರಡು ಪಿಕ್ಸೆಲ್‌ಗಳ ನಡುವಿನ ಅಂಚನ್ನು ಅದು ಯಾವುದೋ ಒಂದು ಬದಿಗೆ ಹಾಕುತ್ತದೆ. 32 ಮಿ.ಮೀ. ಅಗಲದ ನೋಟ 640 ಪಿಕ್ಸೆಲ್‌ನಲ್ಲಿ ಕೂತರೆ ಒಂದು ಪಿಕ್ಸೆಲ್ 0.05 ಮಿ.ಮೀ. ಅರ್ಧ ಪಿಕ್ಸೆಲ್ ಕೂಡ ಲೆಕ್ಕಕ್ಕೆ ಬರುತ್ತದೆ. ನಾನು ಕ್ಯಾನಿಯಿಂದ ಅಂಚಿನ ಜಾಗ ತಿಳಿದುಕೊಂಡು, ಅಲ್ಲಿನ ಮೂರು ಗ್ರೇಡಿಯಂಟ್ ಬೆಲೆಗಳ ಮೇಲೆ ಪ್ಯಾರಾಬೋಲಾ ಕೂರಿಸಿ ತುದಿ ಹುಡುಕುತ್ತೇನೆ. ತೀರಾ ಸಣ್ಣ ತೂತುಗಳಿಗೆ ದೊಡ್ಡ ಬ್ಲರ್ ಬೇಡ. ಬಾಗಿದ ಅಂಚನ್ನು ಬ್ಲರ್ ಒಳಕ್ಕೆ ಎಳೆಯುತ್ತದೆ, ತೂತು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ವಾಷರ್ ಹಿಂದಿನಿಂದ ಬ್ಯಾಕ್‌ಲೈಟ್ ಕೊಡಲು ಜಾಗ ಇದ್ದರೆ ಕ್ಯಾನಿ ಬೇಕಾಗಿಯೇ ಇಲ್ಲ. ಕಪ್ಪು-ಬಿಳುಪು ಸ್ಪಷ್ಟವಾಗಿ ಬೇರೆಯಾಗುವ ಕಡೆ ಒಂದು ಸಾದಾ `cv2.threshold` ಸಾಕು. ನಮ್ಮ ಒಂದು ಮೆಷಿನ್‌ನಲ್ಲಿ ಹಾಗೇ ಮಾಡಿದ್ದೇವೆ. ಮುಂದಿನಿಂದ ಬೆಳಕು ಬೀಳುವ, ಸವೆದ ಅಂಚು ಬರುವ ಇನ್ನೊಂದರಲ್ಲಿ ಈ ಎರಡು ಸಾಲಿನ ಕೋಡ್ ಈಗಲೂ ಓಡುತ್ತಿದೆ.