ಮುಂದಿನ ತಿಂಗಳ ವ್ಯೂಸ್ ಅಂದಾಜು: ಎರಡು ಸರಾಸರಿಗಳ ಹೋಲಿಕೆ

ನಮ್ಮ ಯೂಟ್ಯೂಬ್ ಅಡುಗೆ ಚಾನೆಲ್‌ಗೆ ಮುಂದಿನ ತಿಂಗಳು ಎಷ್ಟು ವ್ಯೂಸ್ ಬರಬಹುದು ಎಂದು ಅಂದಾಜು ಮಾಡಲು ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಮೊದಲನೆಯದು, ಕಳೆದ ಮೂರು ತಿಂಗಳ ವ್ಯೂಸ್‌ನ ನೇರ ಸರಾಸರಿ. ಎರಡನೆಯದು, ಮೂರು ತಿಂಗಳು ಶೇಕಡಾ ಎಷ್ಟೆಷ್ಟು ಬೆಳೆದಿದ್ದೇವೆ ಎಂಬುದರ ಸರಾಸರಿ ತೆಗೆದು, ಅಷ್ಟನ್ನು ಕೊನೆಯ ತಿಂಗಳ ವ್ಯೂಸ್‌ಗೆ ಸೇರಿಸುವುದು.

ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಮಾರ್ಚ್ 20,000, ಏಪ್ರಿಲ್ 21,600, ಮೇ 24,200, ಜೂನ್ 26,600. ಮೊದಲ ಲೆಕ್ಕ ಜುಲೈಗೆ ಸುಮಾರು 24,100 ಎನ್ನುತ್ತದೆ, ಅಂದರೆ ಜೂನ್‌ಗಿಂತಲೂ ಕಡಿಮೆ! ಏಪ್ರಿಲ್‌ನಿಂದ ಜೂನ್‌ವರೆಗಿನ ಸರಾಸರಿ ನಿಲ್ಲುವುದು ನಡುವಿನ ಮೇ ತಿಂಗಳಲ್ಲಿ. ಅಲ್ಲಿಂದ ಜುಲೈಗೆ ಎರಡು ತಿಂಗಳ ದಾರಿ, ಆ ಎರಡು ತಿಂಗಳ ಬೆಳವಣಿಗೆ ಲೆಕ್ಕಕ್ಕೇ ಬರುವುದಿಲ್ಲ. ಎರಡನೆಯ ಲೆಕ್ಕದಲ್ಲಿ ಬೆಳವಣಿಗೆ ಶೇ. 8, 12, 10, ಸರಾಸರಿ 10. ಜುಲೈಗೆ ಸುಮಾರು 29,300. ಒಂದೇ ಹದದಲ್ಲಿ ಏರುತ್ತಿರುವ ಚಾನೆಲ್‌ಗೆ ನಾನು ಇದನ್ನೇ ಆರಿಸುತ್ತೇನೆ.

ಆದರೆ ಒಂದು ವಿಡಿಯೊ ಇದ್ದಕ್ಕಿದ್ದಂತೆ ಓಡಿತೋ, ಈ ಲೆಕ್ಕವೇ ಹೆಚ್ಚು ದಾರಿ ತಪ್ಪಿಸುತ್ತದೆ. ಮೂರು ತಿಂಗಳು 20,000ದಲ್ಲೇ ನಿಂತಿದ್ದ ಚಾನೆಲ್ ನಾಲ್ಕನೆಯ ತಿಂಗಳು 30,000 ಮುಟ್ಟಿತು ಎನ್ನಿ. ಬೆಳವಣಿಗೆ 0, 0, 50. ಸರಾಸರಿ ಶೇ. 16.7, ಮುಂದಿನ ತಿಂಗಳಿಗೆ 35,000 ಎಂಬ ಆಸೆ. ನೇರ ಸರಾಸರಿ 23,300ರಲ್ಲೇ ನಿಲ್ಲುತ್ತದೆ. ವಿಡಿಯೊದ ಕಾವು ಇಳಿದು ಮತ್ತೆ 20,000ಕ್ಕೆ ಬಂದ ಮೇಲೂ ತೊಂದರೆ ಮುಗಿಯುವುದಿಲ್ಲ. 0, +50, −33ರ ಸರಾಸರಿ ಇನ್ನೂ ಶೇ. 5.6 ಏರಿಕೆ ತೋರಿಸುತ್ತದೆ, ಚಾನೆಲ್ ಮಾತ್ರ ಇದ್ದಲ್ಲೇ ಇದೆ. ಐವತ್ತು ಏರಿದ್ದು ಅಳಿಯಲು ಮೂವತ್ತಮೂರು ಇಳಿದರೆ ಸಾಕು, ಶೇಕಡಾವಾರಿನ ಸರಾಸರಿಗೆ ಇದು ಕಾಣುವುದಿಲ್ಲ. ಅದಕ್ಕೇ ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ತಿಂಗಳ ಮೊದಲ ಸ್ಥಾನದ ವಿಡಿಯೊವನ್ನು ಎಲ್ಲ ತಿಂಗಳುಗಳಿಂದಲೂ ಕಳೆದು ಇನ್ನೊಮ್ಮೆ ಲೆಕ್ಕ ಹಾಕುತ್ತೇನೆ. ಎರಡು ಉತ್ತರಗಳ ನಡುವೆ ದೊಡ್ಡ ಅಂತರವಿದ್ದರೆ ಅಂದಾಜನ್ನು ಕೈಬಿಡುತ್ತೇನೆ.

ಹಬ್ಬದ ತಿಂಗಳಲ್ಲಿ ಎರಡನ್ನೂ ನಂಬುವುದಿಲ್ಲ. ಮೋದಕ, ಕಡುಬು ಹುಡುಕುವವರು ಬರುವುದು ಗಣೇಶ ಚತುರ್ಥಿಗೆ ಮುಂಚೆ. 2024ರಲ್ಲಿ ಹಬ್ಬ ಸೆಪ್ಟೆಂಬರ್ 7ಕ್ಕಿತ್ತು, 2025ರಲ್ಲಿ ಆಗಸ್ಟ್ 27ಕ್ಕೇ ಬಂತು. ಹಿಂದಿನ ವರ್ಷದ ಅದೇ ತಿಂಗಳನ್ನು ನೋಡಿದರೂ ಲೆಕ್ಕ ಕೂಡುವುದಿಲ್ಲ. ಹಬ್ಬಕ್ಕೆ ಎಷ್ಟು ವಾರ ಮುಂಚೆ ಎಂದು ಹೊಂದಿಸಬೇಕು.

ಶಾರ್ಟ್ಸ್ ಹಾಕುವವರು ಇನ್ನೊಂದು ಗಡಿ ಗಮನಿಸಬೇಕು. 2025ರ ಮಾರ್ಚ್ 31ರಿಂದ ಶಾರ್ಟ್ ಶುರುವಾದರೂ, ಮತ್ತೆ ಓಡಿದರೂ ಒಂದೊಂದು ವ್ಯೂ ಎಂದು ಯೂಟ್ಯೂಬ್ ಎಣಿಸುತ್ತಿದೆ. ಅದರ ಹಿಂದಿನ ಮತ್ತು ಮುಂದಿನ ತಿಂಗಳುಗಳನ್ನು ಒಂದೇ ಸರಾಸರಿಗೆ ಸೇರಿಸಬೇಡಿ. ಹಳೆಯ ಎಣಿಕೆ `Engaged views` ಎಂಬ ಹೆಸರಲ್ಲಿ ಮುಂದುವರಿದಿದೆ, ಹೋಲಿಸಲು ಅದನ್ನೇ ತೆಗೆದುಕೊಳ್ಳಿ.