ಜರ್ಮನಿಯಿಂದ ಬಂದ ಪ್ರವೇಶಪತ್ರದ ಫೋಟೊ ಅನುವಾದಿಸಿ ಉತ್ತರ ಬರೆದು ಸೀಟು ಕಳೆದುಕೊಂಡ ಪ್ರಸಂಗ

ಜರ್ಮನಿಯ ವಿಶ್ವವಿದ್ಯಾಲಯವೊಂದು ಕಳುಹಿಸಿದ ಪ್ರವೇಶಪತ್ರವನ್ನು ಮೊಬೈಲಿನಲ್ಲಿ ಫೋಟೊ ತೆಗೆದು, ಅನುವಾದಿಸಿ ಓದಿ, ಅವರದೇ ಭಾಷೆಯಲ್ಲಿ ಉತ್ತರ ಬರೆದು ಕಳುಹಿಸಿದ್ದರಿಂದ ನನ್ನ ಅಕ್ಕನ ಮಗಳು ಸ್ನಾತಕೋತ್ತರ ಪದವಿಯ ಸೀಟನ್ನು ಕಳೆದುಕೊಂಡಳು. ಆ ಉತ್ತರವನ್ನು ಅವಳ ಜೊತೆ ಕುಳಿತು ಬರೆಸಿದವನು ನಾನೇ. ಇಂಥ ಪತ್ರವೊಂದು ಈಗ ಯಾರ ಮನೆಗಾದರೂ ಬಂದಿದ್ದರೆ, ಉತ್ತರ ಕಳುಹಿಸುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಪತ್ರ ದಾವಣಗೆರೆಯ ನಮ್ಮ ಮನೆಗೆ ಅಂಚೆಯಲ್ಲಿ ಬಂದಾಗ ಆಗಸ್ಟ್ 13 ಆಗಿತ್ತು. ಅದರ ಮೇಲಿದ್ದ ದಿನಾಂಕ ಆಗಸ್ಟ್ 4. ಮೂರು ಮಡಿಕೆಯಾಗಿ ಮಡಚಿದ ಮೂರು ಹಾಳೆಗಳಿದ್ದವು. ಊಟದ ಮೇಜಿನ ಮೇಲೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಮೊದಲ ಎರಡು ಹಾಳೆಗಳ ಫೋಟೊ ತೆಗೆದೆವು. ಮೂರನೆಯದನ್ನು ನೋಡಿ ಅವಳು, "ಮಾವ, ಇದು ಬರೀ ಫಾರಂ, ಇದರಲ್ಲಿ ಓದುವುದಕ್ಕೇನೂ ಇಲ್ಲ" ಎಂದಳು. ಒಂದೆರಡು ಚೌಕಗಳು, ಒಂದೆರಡು ಸಾಲು, ಸಹಿಗೆ ಬಿಟ್ಟ ಗೆರೆ ಇಷ್ಟೇ ಕಂಡಿದ್ದರಿಂದ ನಾನೂ ಹೌದೆಂದು ಅದನ್ನು ಲಕೋಟೆಯೊಳಗೇ ಇಟ್ಟೆ.

ಜರ್ಮನ್ ಭಾಷೆಯಲ್ಲಿ ಇಂಥ ಪತ್ರಕ್ಕೆ ತ್ಸುಲಾಸುಂಗ್ಸ್‌ಬೆಶೈಡ್ ಎನ್ನುತ್ತಾರೆ. ನಮ್ಮ ಕಾಲೇಜುಗಳು ಕಳುಹಿಸುವ ಅಭಿನಂದನೆಯ ಪತ್ರದಂಥದ್ದಲ್ಲ ಇದು. ಸರ್ಕಾರಿ ಕಚೇರಿಯ ಆದೇಶದ ಸ್ವರೂಪದ್ದು. ಹಾಗಾಗಿ ಅದರಲ್ಲಿ ಎರಡು ಬೇರೆಬೇರೆ ಗಡುವುಗಳಿರುವುದು ಸಾಮಾನ್ಯ. ಸೀಟನ್ನು ಒಪ್ಪಿಕೊಂಡಿದ್ದೇನೆಂದು ತಿಳಿಸಲು ಇರುವ ಗಡುವು ಒಂದು. ಆದೇಶವೇ ತಪ್ಪೆನಿಸಿದರೆ ಅದರ ವಿರುದ್ಧ ಆಕ್ಷೇಪಣೆ ಸಲ್ಲಿಸಲು ಇರುವ ಗಡುವು ಇನ್ನೊಂದು. ಮೊದಲನೆಯದು ಎಷ್ಟೋ ಸಲ ಎರಡು ವಾರಕ್ಕಿಂತ ಹೆಚ್ಚಿರುವುದಿಲ್ಲ, ಎರಡನೆಯದು ವಾಡಿಕೆಯಂತೆ ಒಂದು ತಿಂಗಳು. ಈ ಎರಡನ್ನೂ ನಾವು ಅದಲುಬದಲಾಗಿ ಓದಿದೆವು.

ಆದದ್ದು ಹೀಗೆ. ಮೊದಲ ಹಾಳೆಯಲ್ಲಿ, ಆಗಸ್ಟ್ 18ರೊಳಗೆ ಒಪ್ಪಿಗೆ ತಲುಪದಿದ್ದರೆ ಈ ಆದೇಶ ಅಸಿಂಧುವಾಗುತ್ತದೆ ಎಂಬ ವಾಕ್ಯವಿತ್ತು. ಅಸಿಂಧು ಎಂಬುದಕ್ಕೆ ಅವರು ಬಳಸಿದ ಪದ "ಉನ್‌ವಿರ್ಕ್‌ಸಾಮ್". ಸಾಲು ಮುಗಿದದ್ದರಿಂದ ಆ ಪದವನ್ನು ಒಡೆದು "ಉನ್" ಎಂಬುದನ್ನು ಒಂದು ಸಾಲಿನ ಕೊನೆಗೂ "ವಿರ್ಕ್‌ಸಾಮ್" ಎಂಬುದನ್ನು ಮುಂದಿನ ಸಾಲಿನ ಮೊದಲಿಗೂ ಅಚ್ಚು ಮಾಡಿದ್ದರು, ಮೇಲಿನ ಸಾಲು ಸರಿಯಾಗಿ ಮಡಿಕೆಯ ಮೇಲೆ ಬಂದಿತ್ತು. ಫೋಟೊದಲ್ಲಿ ಆ ಸಾಲಿನ ತುದಿ ನೆರಳಿನಲ್ಲಿ ಮುಚ್ಚಿಹೋಗಿತ್ತು. "ಉನ್" ಹೋದ ಮೇಲೆ ಉಳಿದದ್ದು "ಊರ್ಜಿತ" ಎಂಬ ಅರ್ಥ. ಅಲ್ಲೇ ಆವರಣದಲ್ಲಿದ್ದ "ಔಸ್‌ಶ್ಲುಸ್‌ಫ್ರಿಸ್ಟ್", ಎಂದರೆ ದಾಟಿದರೆ ಹಕ್ಕೇ ಹೋಗುವ, ವಿಸ್ತರಿಸಲಾಗದ ಗಡುವು ಎಂಬ ಪದವೂ ಅದೇ ನೆರಳಿನೊಳಗಿತ್ತು. ನಮಗೆ ಕನ್ನಡದಲ್ಲಿ ಸಿಕ್ಕಿದ್ದು, ಆಗಸ್ಟ್ 18ರಿಂದ ಆದೇಶ ಊರ್ಜಿತ ಎಂಬ ತುಂಡು ವಾಕ್ಯ. ಅನುವಾದದಲ್ಲಿ ಅರ್ಥವಾಗದ ಸಾಲೊಂದು ಬಂದರೆ ಅನುಮಾನ ಹುಟ್ಟುತ್ತದೆ, ಮತ್ತೆ ನೋಡುತ್ತೇವೆ. ಇದು ಸರಾಗವಾಗಿ ಅರ್ಥವಾಯಿತು, ಅದಕ್ಕೇ ಮೋಸಹೋದೆವು.

ಎರಡನೆಯ ಹಾಳೆಯ ಕೊನೆಯಲ್ಲಿ, ಈ ಆದೇಶಕ್ಕೆ ಒಂದು ತಿಂಗಳೊಳಗೆ "ಪ್ರತಿಹೇಳಿಕೆ" ಸಲ್ಲಿಸಬಹುದು ಎಂಬ ಅನುವಾದ ಬಂತು. ಉತ್ತರ ಕೊಡಲು ಒಂದು ತಿಂಗಳ ಅವಕಾಶವಿದೆ ಎಂದು ನಾವು ತಿಳಿದೆವು. ಮೂಲದಲ್ಲಿದ್ದ ಪದ "ವೀಡರ್‌ಶ್ಪ್ರುಖ್". ಬಿಡಿಸಿ ನೋಡಿದರೆ ಎದುರು ಮಾತು ಎಂದೇ ಅರ್ಥ, ಆದರೆ ಕಚೇರಿಯ ಭಾಷೆಯಲ್ಲಿ ಅದು ಆದೇಶವನ್ನು ಪ್ರಶ್ನಿಸುವ ಆಕ್ಷೇಪಣೆ. ಆ ಭಾಗ ಪ್ರವೇಶಕ್ಕೆ ಸಂಬಂಧಿಸಿದ್ದೇ ಅಲ್ಲ. ಆದೇಶ ಒಪ್ಪಿಗೆಯಾಗದಿದ್ದರೆ ಏನು ಮಾಡಬಹುದೆಂದು ತಿಳಿಸುವ, ಅಲ್ಲಿನ ಆದೇಶಗಳ ಕೊನೆಯಲ್ಲಿ ಇರುವ ಕಾನೂನು ಸೂಚನೆ. ಕೆಲವು ರಾಜ್ಯಗಳಲ್ಲಿ ಈ ಆಕ್ಷೇಪಣೆಯ ಹಂತವೇ ಇಲ್ಲದೆ ನೇರವಾಗಿ ನ್ಯಾಯಾಲಯದ ಹೆಸರನ್ನು ಅಲ್ಲಿ ಬರೆದಿರುತ್ತಾರೆ.

ಜರ್ಮನಿಯ ಕಚೇರಿಗಳ ಆಡಳಿತ ಭಾಷೆ ಜರ್ಮನ್ ಆದ್ದರಿಂದ ಅವರ ಭಾಷೆಯಲ್ಲೇ ಬರೆಯುವುದು ಮರ್ಯಾದೆ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಆಗಸ್ಟ್ 26ರಂದು ಕನ್ನಡದಲ್ಲಿ ವಿನಯವಾಗಿ ಪತ್ರ ಬರೆದು ಅನುವಾದಿಸಿದೆವು. ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಪರೀಕ್ಷಿಸಿದೆವು ಕೂಡ, ಅದು ಚೆನ್ನಾಗಿಯೇ ಇತ್ತು. ಆದರೆ ವಿಷಯದ ಸಾಲನ್ನು ಮಾತ್ರ ಅನುವಾದಿಸಲಿಲ್ಲ. ಅವರು ಕೇಳಿರುವ ಉತ್ತರದ ಹೆಸರು ಅವರ ಪತ್ರದಲ್ಲೇ ಇದೆಯಲ್ಲ ಎಂದು, ಆ "ವೀಡರ್‌ಶ್ಪ್ರುಖ್" ಎಂಬ ಪದವನ್ನೇ ನೋಡಿ ಬರೆದು, ಆದೇಶದ ದಿನಾಂಕವನ್ನೂ ಅರ್ಜಿ ಸಂಖ್ಯೆಯನ್ನೂ ಅದರ ಮುಂದೆ ಸೇರಿಸಿದೆವು. ಅಲ್ಲಿಗೆ ಅದು ನೋಡಿದವರಿಗೆ ಆಕ್ಷೇಪಣೆಯೇ ಆಯಿತು.

ಹತ್ತು ದಿನಗಳ ನಂತರ ಬಂದ ಮಿಂಚಂಚೆಯಲ್ಲಿ, ನಿಮ್ಮ ಆಕ್ಷೇಪಣೆಯನ್ನು ನೋಂದಾಯಿಸಿ ಕಾನೂನು ವಿಭಾಗಕ್ಕೆ ಕಳುಹಿಸಿದ್ದೇವೆ, ಒಪ್ಪಿಗೆ ಆಗಸ್ಟ್ 18ರೊಳಗೆ ತಲುಪದ ಕಾರಣ ಪ್ರವೇಶ ರದ್ದಾಗಿದೆ, ಸೀಟನ್ನು ಮುಂದಿನ ಸುತ್ತಿನಲ್ಲಿ ಬೇರೆಯವರಿಗೆ ನೀಡಲಾಗಿದೆ ಎಂದಿತ್ತು. ಅದನ್ನೂ ನಾವು ಅನುವಾದಿಸಿಯೇ ಓದಿದೆವು, ನಂಬಲಾಗಲಿಲ್ಲ. ಆಗ ಮೂಲ ಹಾಳೆಗಳನ್ನು ಬೆಂಗಳೂರಿನಲ್ಲಿ ಜರ್ಮನ್ ಕಲಿಸುವ ಪರಿಚಿತ ಮೇಡಂ ಒಬ್ಬರ ಬಳಿ ತೆಗೆದುಕೊಂಡು ಹೋದೆವು. ಅವರು ಮೊದಲು ಎತ್ತಿಕೊಂಡದ್ದು ಮೂರನೆಯ ಹಾಳೆಯನ್ನು. ಅದು ಒಪ್ಪಿಗೆಯ ಘೋಷಣಾಪತ್ರ. "ಸೀಟನ್ನು ಸ್ವೀಕರಿಸುತ್ತೇನೆ" ಎಂಬ ಚೌಕದಲ್ಲಿ ಗುರುತು ಹಾಕಿ, ಸಹಿ ಮಾಡಿ, ಸ್ಕ್ಯಾನ್ ಮಾಡಿ ಕಳುಹಿಸಿದ್ದರೆ ಸಾಕಿತ್ತು. ಪತ್ರ ಬಂದ ದಿನದಿಂದ ಗಡುವಿಗೆ ಇನ್ನೂ ಐದು ದಿನ ಇತ್ತು. ಅವರು ನಮ್ಮಿಂದ ಯಾವ ಪತ್ರವನ್ನೂ ಕೇಳಿರಲೇ ಇಲ್ಲ.

ತಪ್ಪು ತಿಳಿವಳಿಕೆಯಿಂದ ಹೀಗಾಯಿತೆಂದು ಮೇಡಂ ನೆರವಿನಿಂದ ಬರೆದು ಕೇಳಿಕೊಂಡೆವು. ಇಂಥ ಗಡುವಿಗೆ ವಿನಾಯಿತಿ ಇಲ್ಲವೆಂದು ಉತ್ತರ ಬಂತು. ಆಕ್ಷೇಪಣೆ ತಿರಸ್ಕೃತವಾದರೆ ಶುಲ್ಕ ಬೀಳುವ ಸಾಧ್ಯತೆ ಇದೆ ಎಂದು ಮೇಡಂ ಎಚ್ಚರಿಸಿದ್ದರಿಂದ ಅದನ್ನು ಲಿಖಿತವಾಗಿ ಹಿಂದಕ್ಕೆ ಪಡೆದೆವು.

ಫೋಟೊದಿಂದ ಓದಲೇಬೇಕಾದ ಪರಿಸ್ಥಿತಿ ಇದ್ದವರು ಹಾಳೆಯ ಮಡಿಕೆಯನ್ನು ಪುಸ್ತಕದಡಿ ಇಟ್ಟು ಚಪ್ಪಟೆ ಮಾಡಿ, ಹಗಲು ಬೆಳಕಿನಲ್ಲಿ, ಫಾರಂ ಸೇರಿದಂತೆ ಎಲ್ಲ ಹಾಳೆಗಳನ್ನೂ ತೆಗೆಯಿರಿ. ಅನುವಾದ ನೋಡುವ ಮೊದಲು ಫೋಟೊದಿಂದ ಬಂದ ಜರ್ಮನ್ ಅಕ್ಷರಗಳನ್ನು ಕಾಗದದೊಂದಿಗೆ ಸಾಲುಸಾಲಾಗಿ ಹೋಲಿಸಿ, ಮುಖ್ಯವಾಗಿ ಸಾಲಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಒಡೆದ ಪದಗಳನ್ನು. ಭಾಷೆ ಬಾರದಿದ್ದರೂ ಅಕ್ಷರ ಹೋಲಿಸುವುದು ಸಾಧ್ಯ. ಪ್ರತಿ ದಿನಾಂಕದ ಪಕ್ಕದಲ್ಲೂ ಅದು ಏತಕ್ಕಾಗಿ ಇದೆ ಎಂದು ಬರೆದುಕೊಳ್ಳಿ. "ಐನ್‌ಗಾಂಗ್" ಎಂಬ ಪದ ಇದ್ದರೆ ಅದು ಅಲ್ಲಿಗೆ ತಲುಪಬೇಕಾದ ದಿನ, ನೀವು ಕಳುಹಿಸುವ ದಿನವಲ್ಲ. ಇಂಥ ಪತ್ರಗಳ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಕಡತ ನೋಡಿಕೊಳ್ಳುವವರ ಹೆಸರು, ದೂರವಾಣಿ ಸಂಖ್ಯೆ ಇರುತ್ತವೆ. ಅವರಿಗೆ ಇಂಗ್ಲಿಷಿನಲ್ಲಿಯೇ ಕರೆ ಮಾಡಿ, ಯಾವ ಹಾಳೆಯನ್ನು ಯಾವ ದಿನದೊಳಗೆ ಹೇಗೆ ಕಳುಹಿಸಬೇಕೆಂದು ಕೇಳಿದ್ದರೆ ನಮಗೆ ಇಷ್ಟಾಗುತ್ತಿರಲಿಲ್ಲ. ಇನ್ನು ಅರ್ಥ ಖಚಿತವಾಗಿ ಗೊತ್ತಿಲ್ಲದ ಪದವನ್ನು ಅವರ ಪತ್ರದಿಂದ ಎತ್ತಿ ನಿಮ್ಮ ಉತ್ತರದಲ್ಲಿ ಇಡಬೇಡಿ, ವಿಷಯದ ಸಾಲಿನಲ್ಲಂತೂ ಬೇಡವೇ ಬೇಡ.

ಅವಳು ಆರಿಸಿದ್ದ ಕೋರ್ಸು ಅಕ್ಟೋಬರಿನಲ್ಲಿ ಮಾತ್ರ ಆರಂಭವಾಗುವಂಥದ್ದು. ಹಾಗಾಗಿ ಒಂದು ವರ್ಷ ಕಾದು ಈಗ ಮತ್ತೆ ಅರ್ಜಿ ಹಾಕಿದ್ದಾಳೆ, ಸಂಜೆಯ ಹೊತ್ತು ಅದೇ ಮೇಡಂ ಬಳಿ ಜರ್ಮನ್ ಕಲಿಯುತ್ತಿದ್ದಾಳೆ.