ಟಾರ್ಕ್ ವ್ರೆಂಚೋ, ಕೋನದ ಲೆಕ್ಕವೋ?

ಟಾರ್ಕ್ ವ್ರೆಂಚ್ ಅಳೆಯುವುದು ತಿರುಗಿಸುವ ಬಲವನ್ನು, ಬೋಲ್ಟ್ ಒಳಗಿನ ಎಳೆತವನ್ನಲ್ಲ. ನಾವು ಹಾಕುವ ಟಾರ್ಕ್‌ನಲ್ಲಿ ಸುಮಾರು 90% ಬೋಲ್ಟ್ ತಲೆಯಡಿಯ ಮತ್ತು ಥ್ರೆಡ್‌ನ ಘರ್ಷಣೆಗೇ ಹೋಗುತ್ತದೆ.

ಎಂ12 ಬೋಲ್ಟ್‌ಗೆ 80 ನ್ಯೂಟನ್-ಮೀಟರ್ ಕೊಟ್ಟೆವೆನ್ನಿ. ಲೆಕ್ಕ `F = T/(K·d)`: F ಬೋಲ್ಟ್‌ನ ಎಳೆತ ಅಂದರೆ ಬಿಗಿತ, T ಟಾರ್ಕ್, d ಬೋಲ್ಟ್‌ನ ವ್ಯಾಸ (ಇಲ್ಲಿ 0.012 ಮೀಟರ್), K ಘರ್ಷಣೆಯನ್ನು ಲೆಕ್ಕಕ್ಕೆ ತರುವ ಅಂಕ. ಒಣ ಥ್ರೆಡ್‌ಗೆ K 0.20 ಎಂದು ಹಿಡಿದರೆ ಬಿಗಿತ 33 ಕಿಲೋನ್ಯೂಟನ್. ಎಣ್ಣೆ ಸವರಿ ಅದು 0.15ಕ್ಕೆ ಇಳಿದರೆ 44. ವ್ರೆಂಚ್ ಮಾತ್ರ ಎರಡೂ ಸಲ ಒಂದೇ ರೀತಿ ‘ಟಕ್’ ಅನ್ನುತ್ತದೆ!

ಕೋನದ ವಿಧಾನದಲ್ಲಿ ಮೊದಲು ಸಣ್ಣ ಟಾರ್ಕ್‌ನಿಂದ ಸಂದು ಕೂಡಿಸಿ, ಆಮೇಲೆ 90 ಡಿಗ್ರಿಯಂತೆ ನಿಗದಿತ ಕೋನ ತಿರುಗಿಸುತ್ತೇವೆ. ಬೋಲ್ಟ್ ಎಷ್ಟು ಹಿಗ್ಗುತ್ತದೆಂಬುದನ್ನು ಥ್ರೆಡ್‌ನ ಪಿಚ್ಚೇ ನಿರ್ಧರಿಸುವುದರಿಂದ ಘರ್ಷಣೆಯ ಪ್ರಭಾವ ಕಡಿಮೆ. ಆದರೆ ಗಿಡ್ಡ ಬೋಲ್ಟ್‌ನಲ್ಲಿ, ಮೆತ್ತನೆಯ ಗ್ಯಾಸ್ಕೆಟ್ ಇರುವಲ್ಲಿ ಇದೂ ಕೈಕೊಡುತ್ತದೆ.

ಸಿಲಿಂಡರ್ ಹೆಡ್‌ಗೆ ತಯಾರಕರು ಕೋನ ಹೇಳಿದ್ದರೆ ಅದನ್ನೇ ಅನುಸರಿಸಿ. ಸಾಮಾನ್ಯ ಕವರ್‌ಗೆ ವ್ರೆಂಚ್ ಧಾರಾಳವಾಯಿತು.